ಖರ್ಚು ರೂಪಾಯಿ, ಬೆಲೆ ಡಾಲರ್: ರಫ್ತಿನ ಲೆಕ್ಕ

ರಫ್ತು ವ್ಯಾಪಾರದಲ್ಲಿ ಖರ್ಚು ರೂಪಾಯಿಯಲ್ಲಿ ಆಗುತ್ತದೆ, ಹಣ ಬರುವುದು ಡಾಲರ್‌ನಲ್ಲೋ ಯೂರೋದಲ್ಲೋ. ಬೆಲೆ ಹೇಳುವ ದಿನಕ್ಕೂ ಹಣ ಕೈಸೇರುವ ದಿನಕ್ಕೂ ನಡುವೆ ತಿಂಗಳುಗಳು ಉರುಳುತ್ತವೆ. ಆ ಅವಧಿಯಲ್ಲಿ ರೂಪಾಯಿ ಬಲಗೊಂಡರೆ, ಸರಕು ಸರಿಯಾಗಿದ್ದರೂ, ಖರೀದಿದಾರ ಒಪ್ಪಿದ ಬೆಲೆಯನ್ನು ಚಾಚೂ ತಪ್ಪದೆ ಕೊಟ್ಟರೂ ರಫ್ತುದಾರನಿಗೆ ನಷ್ಟವಾಗಬಹುದು. ವಿನಿಮಯ ಅಪಾಯ ಎಂದು ಕರೆಯುವುದು ಇದನ್ನೇ. ಇದಕ್ಕೆ ಬ್ಯಾಂಕಿನಲ್ಲಿ ಪರಿಹಾರಗಳಿವೆ, ನಿಜ. ಆದರೆ ಅಪಾಯ ಹುಟ್ಟುವುದು ಅದಕ್ಕೂ ಮೊದಲು, ಕೊಟೇಶನ್ ಬರೆಯುವ ಮೇಜಿನ ಮೇಲೆ. ರೂಪಾಯಿ ಖರ್ಚನ್ನು ಯಾವ ದರದಿಂದ ಭಾಗಿಸಿ ಡಾಲರ್ ಬೆಲೆ ಮಾಡಿದರು ಎನ್ನುವುದರಲ್ಲೇ ಅರ್ಧ ವಿಷಯ ತೀರ್ಮಾನವಾಗಿರುತ್ತದೆ.

ಇದನ್ನು ಅರಿಯಲು ಕರ್ನಾಟಕದ ಮಿಡಿಸೌತೆ ವ್ಯಾಪಾರ ಒಳ್ಳೆಯ ಉದಾಹರಣೆ. ಗರ್ಕಿನ್ ಎಂದು ಕರೆಯುವ ಈ ಪುಟ್ಟ ಸೌತೆಯನ್ನು ತುಮಕೂರು, ಹಾಸನ, ದಾವಣಗೆರೆ, ಹಾವೇರಿ ಮೊದಲಾದ ಜಿಲ್ಲೆಗಳ ಸಣ್ಣ ರೈತರು ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡು ಬೆಳೆಯುತ್ತಾರೆ. ಬಿತ್ತನೆಯಿಂದ ಕೊನೆಯ ಕೊಯ್ಲಿನವರೆಗೆ ಸುಮಾರು ಮೂರು ತಿಂಗಳ ಬೆಳೆ. ಬೀಜ, ಗೊಬ್ಬರವನ್ನು ಕಂಪನಿಯೇ ಸಾಲವಾಗಿ ಕೊಟ್ಟು, ಕಾಯಿಯ ಹಣದಲ್ಲಿ ಮುರಿದುಕೊಳ್ಳುತ್ತದೆ. ಕೆಜಿಗೆ 160ಕ್ಕಿಂತ ಹೆಚ್ಚು ಬರುವ ಪುಟ್ಟ ಕಾಯಿಗೆ ಹೆಚ್ಚಿನ ಬೆಲೆ, ದಪ್ಪಗಾದಷ್ಟೂ ಕಡಿಮೆ. ಯಾವ ಗಾತ್ರಕ್ಕೆ ಎಷ್ಟು ರೂಪಾಯಿ ಎನ್ನುವುದು ಬಿತ್ತನೆಗೆ ಮುಂಚೆಯೇ ಗೊತ್ತಾಗಿರುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಇದನ್ನು ಕೇಳುವವರಿಲ್ಲ. ಬೆಳೆದದ್ದು ವಿನೆಗರ್ ಅಥವಾ ಉಪ್ಪುನೀರಿನಲ್ಲಿ ಡ್ರಮ್ ತುಂಬಿಕೊಂಡು ಯೂರೋಪ್, ಅಮೆರಿಕಗಳಿಗೆ ಹೋಗುತ್ತದೆ. ಹೀಗಾಗಿ ರಫ್ತುದಾರ ಎರಡು ಕಡೆ ಮಾತು ಕೊಟ್ಟಿರುತ್ತಾನೆ: ರೈತನಿಗೆ ರೂಪಾಯಿಯಲ್ಲಿ, ವಿದೇಶಿ ಖರೀದಿದಾರನಿಗೆ ಡಾಲರ್‌ನಲ್ಲಿ. ಎರಡೂ ಬದಲಾಗುವುದಿಲ್ಲ. ಬದಲಾಗುವುದು ಇವೆರಡರ ನಡುವಿನ ವಿನಿಮಯ ದರ ಮಾತ್ರ.

ಒಂದು ಕಂಟೇನರ್‌ನ ಲೆಕ್ಕ ಹಾಕಿ ನೋಡಬಹುದು. ಅಂಕಿಗಳು ಉದಾಹರಣೆಗಾಗಿ, ಸುಲಭವಾಗಿ ಭಾಗವಾಗುವಂತೆ ಆರಿಸಿದವು. ರೈತರಿಗೆ ಕೊಡುವ ಕಾಯಿಯ ಹಣ 6,40,000 ರೂಪಾಯಿ. ವಿನೆಗರ್, ಉಪ್ಪು, ಡ್ರಮ್‌ಗಳಿಗೆ 2,60,000. ವಿಂಗಡಿಸುವ, ತೊಳೆಯುವ, ತುಂಬುವ ಕೂಲಿ ಮತ್ತು ಕಾರ್ಖಾನೆಯ ವಿದ್ಯುತ್ತಿಗೆ 1,40,000. ಚೆನ್ನೈ ಬಂದರಿಗೆ ಲಾರಿ, ಕಸ್ಟಮ್ಸ್ ಏಜೆಂಟ್, ಬಂದರಿನ ಶುಲ್ಕ ಸೇರಿ 60,000. ಬಡ್ಡಿ ಮತ್ತು ಬ್ಯಾಂಕ್ ಖರ್ಚು 40,000, ಕಚೇರಿ ವೆಚ್ಚದ ಪಾಲು 60,000. ಒಟ್ಟು 12 ಲಕ್ಷ. ಇದರ ಮೇಲೆ ಶೇ 8ರಷ್ಟು, ಅಂದರೆ 96,000 ರೂಪಾಯಿ ಲಾಭ ಇಟ್ಟರೆ 12,96,000 ರೂಪಾಯಿ ಬರಬೇಕು. ಆ ದಿನ ಡಾಲರ್‌ಗೆ 90 ರೂಪಾಯಿ ಇದ್ದರೆ ಬೆಲೆ 14,400 ಡಾಲರ್. ಸರಕನ್ನು ಹಡಗಿಗೆ ಏರಿಸುವವರೆಗಿನ ಖರ್ಚು ಮಾತ್ರ ಸೇರಿರುವ ಈ ಬೆಲೆಗೆ ವ್ಯಾಪಾರದಲ್ಲಿ ಎಫ್‌ಒಬಿ ಬೆಲೆ ಎನ್ನುತ್ತಾರೆ.

ಹೆಚ್ಚಿನ ಸಣ್ಣ ರಫ್ತುದಾರರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಅವರು ಭಾಗಿಸಿದ 90 ರೂಪಾಯಿ ಜನವರಿಯ ದರ. ಫೆಬ್ರುವರಿಯಲ್ಲಿ ಆರ್ಡರ್ ಖಚಿತವಾಗಿ, ಬೀಜ ಬಿದ್ದು, ಏಪ್ರಿಲ್‌ನಲ್ಲಿ ಕಾಯಿ ಬಂದು, ಮೇ ತಿಂಗಳಲ್ಲಿ ಹಡಗು ಹೊರಡುತ್ತದೆ. ಖರೀದಿದಾರ 60 ದಿನದ ಸಾಲ ಕೇಳಿದ್ದರೆ ಹಣ ಬರುವಾಗ ಜುಲೈ. ಜನವರಿಯ ದರ ಜುಲೈನಲ್ಲಿ ಯಾರೂ ಕೊಡುವುದಿಲ್ಲ.

ಜುಲೈನಲ್ಲಿ ಡಾಲರ್ 87 ರೂಪಾಯಿಗೆ ಇಳಿದಿದೆ ಎಂದಿಟ್ಟುಕೊಳ್ಳೋಣ. 14,400 ಡಾಲರ್‌ಗೆ ಸಿಗುವುದು 12,52,800 ರೂಪಾಯಿ. ದರ ಇಳಿದದ್ದು ಶೇ 3.3 ಮಾತ್ರ, ಆದರೆ ಲಾಭ 96,000ದಿಂದ 52,800ಕ್ಕೆ ಬಂದು ಶೇ 45ರಷ್ಟು ಕುಸಿಯಿತು. ದರದ ಇಳಿಕೆ ಇಡೀ ಬಿಲ್ಲಿನ ಮೊತ್ತದ ಮೇಲೆ ಬೀಳುತ್ತದೆ, ಖರ್ಚು ಮಾತ್ರ ಕದಲುವುದಿಲ್ಲ. ಹಾಗಾಗಿ ಪೂರ್ತಿ ಹೊಡೆತವನ್ನು ತೆಳುವಾದ ಲಾಭವೇ ತಾಳಿಕೊಳ್ಳಬೇಕು. ಲಾಭ ಎಷ್ಟು ತೆಳುವೋ ಹೊಡೆತ ಅಷ್ಟು ಗಟ್ಟಿ. ಖರ್ಚಿನ 12 ಲಕ್ಷವನ್ನು 14,400ರಿಂದ ಭಾಗಿಸಿದರೆ ಬರುವ 83.33 ರೂಪಾಯಿ ಈ ಆರ್ಡರ್‌ನ ಅಸಲು ದರ; ಅದಕ್ಕಿಂತ ಕೆಳಗಿಳಿದರೆ ಕೈಯಿಂದ ಹಾಕಬೇಕು. ಪ್ರತಿ ಕೊಟೇಶನ್ ಹಾಳೆಯ ಮೇಲೂ ಬರೆದಿಡಬೇಕಾದ ಸಂಖ್ಯೆ ಇದು. ಎಷ್ಟೋ ವ್ಯಾಪಾರಿಗಳಿಗೆ ತಮ್ಮ ಡಾಲರ್ ಬೆಲೆ ಬಾಯಿಪಾಠವಾಗಿರುತ್ತದೆ, ತಮ್ಮ ಅಸಲು ದರ ಮಾತ್ರ ಗೊತ್ತಿರುವುದಿಲ್ಲ.

ರೂಪಾಯಿ ಯಾವಾಗಲೂ ಇಳಿಯುತ್ತಲೇ ಇರುತ್ತದೆ, ಆದ್ದರಿಂದ ರಫ್ತುದಾರನಿಗೆ ಕಾಲವೇ ಲಾಭ ತರುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ದಶಕಗಳ ಲೆಕ್ಕದಲ್ಲಿ ಅದು ಸರಿ. ಆದರೆ ಆರ್ಡರ್‌ಗಳ ಆಯುಸ್ಸು ದಶಕವಲ್ಲ, ಆರು ತಿಂಗಳು. 2007ರ ಆರಂಭದಲ್ಲಿ 44 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ವರ್ಷದ ಕೊನೆಗೆ 40ಕ್ಕಿಂತ ಕೆಳಗಿಳಿದಿತ್ತು. ಶೇ 10ರಷ್ಟು ಇಳಿಕೆ. ಮೇಲಿನ ಕಂಟೇನರ್‌ನ ಅಸಲು ದರ 90ಕ್ಕಿಂತ ಕೇವಲ ಶೇ 7.4 ಕೆಳಗಿದೆ; ಅಂಥ ವರ್ಷದಲ್ಲಿ ಈ ವ್ಯಾಪಾರ ನಷ್ಟಕ್ಕೆ ಬೀಳುತ್ತಿತ್ತು. ತಿರುಪ್ಪೂರಿನ ಬಟ್ಟೆ ರಫ್ತುದಾರರು ಆ ವರ್ಷ ಇದೇ ಪೆಟ್ಟು ತಿಂದರು.

ಹಾಗಾದರೆ ಜನವರಿಯಲ್ಲಿ ಯಾವ ದರದಿಂದ ಭಾಗಿಸಬೇಕು? ಹಣ ಬರುವ ದಿನಕ್ಕೆ ಬ್ಯಾಂಕ್ ಇವತ್ತೇ ಒಪ್ಪಿಕೊಳ್ಳುವ ದರದಿಂದ. ಇದನ್ನು ಫಾರ್ವರ್ಡ್ ದರ ಎನ್ನುತ್ತಾರೆ. ಜುಲೈ ಕೊನೆಯ ವಾರ ಇಷ್ಟು ಡಾಲರ್ ಕೊಡುತ್ತೇನೆ ಎಂದು ರಫ್ತುದಾರ, ಅದಕ್ಕೆ ಇಷ್ಟು ರೂಪಾಯಿ ಕೊಡುತ್ತೇನೆ ಎಂದು ಬ್ಯಾಂಕ್, ಜನವರಿಯಲ್ಲೇ ಒಪ್ಪಂದ ಮಾಡಿಕೊಳ್ಳುತ್ತವೆ. ಆಮೇಲೆ ಮಾರುಕಟ್ಟೆಯಲ್ಲಿ ದರ ಎಲ್ಲಿಗೆ ಹೋದರೂ ಇವರಿಬ್ಬರ ದರ ಅದೇ.

ಸಾಮಾನ್ಯವಾಗಿ ಫಾರ್ವರ್ಡ್ ದರ ಇವತ್ತಿನ ದರಕ್ಕಿಂತ ಹೆಚ್ಚಿರುತ್ತದೆ. ಇದನ್ನು ನೋಡಿ ಮಾರುಕಟ್ಟೆಯವರು ರೂಪಾಯಿ ಬೀಳುತ್ತದೆಂದು ಭವಿಷ್ಯ ಹೇಳುತ್ತಿದ್ದಾರೆ ಎಂದುಕೊಳ್ಳುವುದು ತಪ್ಪು. ವ್ಯತ್ಯಾಸ ಬರುವುದು ಬಡ್ಡಿಯಿಂದ. ಜುಲೈನಲ್ಲಿ ಡಾಲರ್ ಸಿಗುತ್ತದೆಂದು ಖಚಿತವಾದೊಡನೆ ಬ್ಯಾಂಕ್ ತನ್ನ ಕಡೆಯಿಂದ ಅಷ್ಟೇ ಡಾಲರ್ ಸಾಲ ತಂದು, ಇವತ್ತೇ ಮಾರಿ, ಬಂದ ರೂಪಾಯಿಯನ್ನು ಆರು ತಿಂಗಳು ಬಡ್ಡಿಗೆ ಹಾಕಬಹುದು. ಡಾಲರ್ ಸಾಲದ ಬಡ್ಡಿ ಕಡಿಮೆ, ರೂಪಾಯಿಯ ಬಡ್ಡಿ ಹೆಚ್ಚು. ಉಳಿಯುವ ಅಂತರವೇ ಪ್ರೀಮಿಯಂ ಆಗಿ ರಫ್ತುದಾರನಿಗೆ ಸೇರುತ್ತದೆ. ಎರಡು ದೇಶಗಳ ಬಡ್ಡಿಯ ಅಂತರ ಹಿಗ್ಗಿದರೆ ಪ್ರೀಮಿಯಂ ಹಿಗ್ಗುತ್ತದೆ, ಕುಗ್ಗಿದರೆ ಕುಗ್ಗುತ್ತದೆ.

ಪ್ರೀಮಿಯಂ ವರ್ಷಕ್ಕೆ ಶೇ 2 ಇದೆ ಎಂದುಕೊಂಡರೆ ಆರು ತಿಂಗಳಿಗೆ ಶೇ 1, ಅಂದರೆ 90 ಪೈಸೆ. ಬ್ಯಾಂಕ್ ತನ್ನ ಪಾಲಿಗೆ 15 ಪೈಸೆ ಹಿಡಿದರೆ ಕೈಗೆ ಸಿಗುವ ದರ 90.75. ಈಗ 12,96,000ವನ್ನು 90.75ರಿಂದ ಭಾಗಿಸಿದರೆ ಬೆಲೆ ಸುಮಾರು 14,281 ಡಾಲರ್. ಮೊದಲಿನದಕ್ಕಿಂತ 119 ಡಾಲರ್ ಕಡಿಮೆ ಬೆಲೆಗೆ ಕೊಟ್ಟರೂ 96,000 ರೂಪಾಯಿ ಲಾಭ ಕೆಡುವುದಿಲ್ಲ. ಕೆಜಿಗೆ ಸೆಂಟ್‌ಗಳಲ್ಲಿ ಚೌಕಾಸಿ ನಡೆಯುವ ವ್ಯಾಪಾರದಲ್ಲಿ ಇದು ಸಣ್ಣ ಅನುಕೂಲವಲ್ಲ. ಅಥವಾ 14,400ಕ್ಕೇ ಗಟ್ಟಿಯಾಗಿ ನಿಂತರೆ ಲಾಭ 1,06,800ಕ್ಕೆ ಏರುತ್ತದೆ. ಯಾವುದನ್ನು ಆರಿಸಿಕೊಂಡರೂ ಫಾರ್ವರ್ಡ್ ದರ ಮೊದಲು ಬೇಕಾಗುವುದು ಬೆಲೆ ಕಟ್ಟುವುದಕ್ಕೆ. ಎಷ್ಟು ಡಾಲರನ್ನು ಆ ದರಕ್ಕೆ ಮಾರಿಡಬೇಕು ಎನ್ನುವುದು ಆಮೇಲಿನ ಪ್ರಶ್ನೆ.

ಬ್ಯಾಂಕಿನ 15 ಪೈಸೆಯ ಬಗ್ಗೆ ಒಂದು ಮಾತು. ಟಿವಿಯಲ್ಲಿ, ಮೊಬೈಲಿನಲ್ಲಿ ಕಾಣುವ ದರ ಬ್ಯಾಂಕುಗಳು ತಮ್ಮತಮ್ಮಲ್ಲಿ ವ್ಯವಹರಿಸುವ ದರ. ಗ್ರಾಹಕನ ಡಾಲರ್ ಕೊಳ್ಳುವಾಗ ಬ್ಯಾಂಕ್ ಅದಕ್ಕಿಂತ ಕಡಿಮೆ ಕೊಡುತ್ತದೆ. ಎಷ್ಟು ಕಡಿಮೆ ಎನ್ನುವುದು ಗ್ರಾಹಕನ ವಹಿವಾಟಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ಅವನು ಕೇಳುತ್ತಾನೋ ಇಲ್ಲವೋ ಎನ್ನುವುದರ ಮೇಲೆ ನಿಂತಿದೆ. ಏನೂ ಕೇಳದವನಿಗೆ 60 ಪೈಸೆ ಮುರಿದರೆ ಈ ಒಂದೇ ಕಂಟೇನರ್‌ನಲ್ಲಿ 8,640 ರೂಪಾಯಿ ಹೋಯಿತು, ಲಾಭದ ಶೇ 9. ಹಣ ಜಮೆಯಾದ ದಿನ, ಆ ಗಂಟೆಯಲ್ಲಿ ಮಾರುಕಟ್ಟೆಯ ದರ ಎಷ್ಟಿತ್ತು, ಬ್ಯಾಂಕ್ ಎಷ್ಟು ಕೊಟ್ಟಿತು ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಬರೆದರೆ ಇದು ಕಣ್ಣಿಗೆ ಬೀಳುತ್ತದೆ. ಶಾಖಾ ವ್ಯವಸ್ಥಾಪಕರ ಜೊತೆ ಬಡ್ಡಿಯ ಕಾಲು ಪರ್ಸೆಂಟ್‌ಗಾಗಿ ಜಗಳವಾಡುವವರು ಈ ಪೈಸೆಗಳ ಬಗ್ಗೆ ಬಾಯಿ ತೆರೆಯದಿರುವುದು ವಿಚಿತ್ರ.

ಫಾರ್ವರ್ಡ್‌ಗೂ ಮಿತಿಯಿದೆ. ಅದು ಕೊಡಲೇಬೇಕಾದ ಮಾತು. ಡಾಲರ್ ಮಾರಿಟ್ಟ ಮೇಲೆ ಖರೀದಿದಾರ ಆರ್ಡರ್ ರದ್ದು ಮಾಡಿದರೆ, ಅಥವಾ ರೋಗ ಬಂದು ಬೆಳೆ ಕೈಕೊಟ್ಟರೆ ಬ್ಯಾಂಕಿಗೆ ಕೊಡಲು ಡಾಲರ್ ಇರುವುದಿಲ್ಲ. ಅಷ್ಟರಲ್ಲಿ ದರ 94ಕ್ಕೆ ಏರಿದ್ದರೆ ಒಪ್ಪಂದ ಮುರಿಯಲು 94 ಮತ್ತು 90.75ರ ಅಂತರವನ್ನು, ಅಂದರೆ ಡಾಲರ್‌ಗೆ 3.25 ರೂಪಾಯಿಯನ್ನು ತುಂಬಿಕೊಡಬೇಕು. 14,400 ಡಾಲರ್‌ಗೆ 46,800 ರೂಪಾಯಿ. ಸರಕೂ ಇಲ್ಲ, ಮಾರಾಟವೂ ಇಲ್ಲ, ದಂಡ ಮಾತ್ರ. ಆದ್ದರಿಂದ ಕೊಟೇಶನ್ ಕಳಿಸಿದ ದಿನವೇ ಪೂರ್ತಿ ಮೊತ್ತವನ್ನು ಮಾರಿಡುವುದು ಜಾಣತನವಲ್ಲ. ಆರ್ಡರ್ ಲಿಖಿತವಾಗಿ ಬಂದಾಗ ಅರ್ಧದಷ್ಟು, ಕಾಯಿ ಕಾರ್ಖಾನೆಗೆ ಬರತೊಡಗಿದಾಗ ಇನ್ನಷ್ಟು, ಹಡಗು ಹೊರಟ ಮೇಲೆ ಉಳಿದದ್ದು ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು ಬೆಳೆ ಆಧಾರಿತ ವ್ಯಾಪಾರಕ್ಕೆ ಹೊಂದುತ್ತದೆ. ಹಣ ಬರುವ ದಿನ ಹಿಂದೆಮುಂದೆ ಆಗುವುದು ಮಾಮೂಲಾದ್ದರಿಂದ, ಒಂದೇ ದಿನದ ಬದಲು ಇಡೀ ತಿಂಗಳಲ್ಲಿ ಯಾವಾಗ ಬೇಕಾದರೂ ಡಾಲರ್ ಕೊಡಬಹುದಾದ ಒಪ್ಪಂದವನ್ನು ಬ್ಯಾಂಕಿನಿಂದ ಕೇಳಬಹುದು. ಆಗ ದರದಲ್ಲಿ ಕೆಲವು ಪೈಸೆ ಬಿಟ್ಟುಕೊಡಬೇಕಾಗುತ್ತದೆ.

ಕೊಟೇಶನ್ ಕಳಿಸಿ ಉತ್ತರಕ್ಕೆ ಕಾಯುವ ಅವಧಿಯೇ ಅತ್ಯಂತ ಇಕ್ಕಟ್ಟಿನದು. ಬೆಲೆಗೆ ತಾನು ಕಟ್ಟುಬಿದ್ದಾಗಿದೆ, ಆರ್ಡರ್ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಅಗ್ಗದ ರಕ್ಷಣೆ ಎಂದರೆ ಕೊಟೇಶನ್‌ಗೆ ಗಡುವು ಹಾಕುವುದು: ಈ ಬೆಲೆ 15 ದಿನ ಮಾತ್ರ. ಇನ್ನೊಂದು, ವರ್ಷಪೂರ್ತಿಯ ಒಪ್ಪಂದವಿದ್ದರೆ ದರ ಶೇ 3ಕ್ಕಿಂತ ಹೆಚ್ಚು ಆಚೀಚೆಯಾದಾಗ ವ್ಯತ್ಯಾಸವನ್ನು ಇಬ್ಬರೂ ಹಂಚಿಕೊಳ್ಳುವ ಷರತ್ತು. ಆಗ ಯಾರ ದರ ಎಂಬ ತಕರಾರು ಬರಬಾರದು. 2018ರ ಜುಲೈನಿಂದ ಎಫ್‌ಬಿಐಎಲ್ ಸಂಸ್ಥೆ ಪ್ರಕಟಿಸುತ್ತಿರುವ ರೆಫರೆನ್ಸ್ ದರವನ್ನು ಒಪ್ಪಂದದಲ್ಲಿ ಹೆಸರಿಸಿದರೆ ಸಾಕು. ಅದಕ್ಕೂ ಮೊದಲು ರಿಸರ್ವ್ ಬ್ಯಾಂಕ್ ತಾನೇ ಈ ದರವನ್ನು ಪ್ರಕಟಿಸುತ್ತಿತ್ತು. ಆಪ್ಷನ್ ಎಂಬ ಮೂರನೆಯ ದಾರಿಯೂ ಇದೆ. ಮುಂಗಡವಾಗಿ ಶುಲ್ಕ ಕಟ್ಟಿದರೆ, ಗೊತ್ತಾದ ದರಕ್ಕೆ ಡಾಲರ್ ಮಾರುವ ಹಕ್ಕು ಸಿಗುತ್ತದೆ, ಬೇಡವಾದರೆ ಬಿಟ್ಟುಬಿಡಬಹುದು. ಅನಿಶ್ಚಿತ ಆರ್ಡರ್‌ಗೆ ಹೇಳಿ ಮಾಡಿಸಿದಂತಿದ್ದರೂ ಶೇ 8ರ ಲಾಭದಲ್ಲಿ ಶುಲ್ಕವೇ ದೊಡ್ಡ ತುತ್ತನ್ನು ಕಬಳಿಸುತ್ತದೆ.

ಶುಲ್ಕವಿಲ್ಲದ ರಕ್ಷಣೆ ಎಂದು ಯಾರಾದರೂ ಹೇಳಿದರೆ ಅಲ್ಲಿ ಎಚ್ಚರ ಬೇಕು. ರೂಪಾಯಿ ಬಲಗೊಂಡ 2007ರ ಸುಮಾರಿಗೆ ಅನೇಕ ರಫ್ತುದಾರರು ಇಂಥ ಜಟಿಲ ಒಪ್ಪಂದಗಳಿಗೆ ಸಹಿ ಹಾಕಿದರು. ಡಾಲರ್ ಗಳಿಸುವವರ ಒಪ್ಪಂದ ಯೆನ್, ಸ್ವಿಸ್ ಫ್ರಾಂಕ್‌ಗಳ ಏರಿಳಿತಕ್ಕೆ ಗಂಟುಬಿದ್ದಿತ್ತು. ಆ ಕರೆನ್ಸಿಗಳು ತಿರುಗಿಬಿದ್ದಾಗ ನಷ್ಟ ಎಷ್ಟೆಂಬ ಲೆಕ್ಕವೇ ಅನೇಕರಿಗೆ ಅರ್ಥವಾಗಲಿಲ್ಲ, ವ್ಯಾಜ್ಯಗಳು ಹೈಕೋರ್ಟ್ ಮೆಟ್ಟಿಲೇರಿದವು. ತಾನು ಗಳಿಸದ ಕರೆನ್ಸಿಯ ಹೆಸರು ಒಪ್ಪಂದದಲ್ಲಿದ್ದರೆ ಅದು ರಕ್ಷಣೆಯಲ್ಲ, ಜೂಜು.

ಸಾಲವನ್ನೇ ಡಾಲರ್‌ನಲ್ಲಿ ಪಡೆಯುವುದು ಸಣ್ಣ ರಫ್ತುದಾರರಿಗೆ ಎಟುಕುವ ಇನ್ನೊಂದು ದಾರಿ. ಸರಕು ತಯಾರಿಸಲು ಬ್ಯಾಂಕ್ ಕೊಡುವ ಪ್ಯಾಕಿಂಗ್ ಕ್ರೆಡಿಟ್ ಸಾಲವನ್ನು ವಿದೇಶಿ ಕರೆನ್ಸಿಯಲ್ಲೂ ತೆಗೆದುಕೊಳ್ಳಬಹುದು. 10,000 ಡಾಲರ್ ಸಾಲ ತೆಗೆದು 90ರ ದರದಲ್ಲಿ ರೂಪಾಯಿ ಮಾಡಿಕೊಂಡರೆ ರೈತರಿಗೂ ಕೂಲಿಗೂ 9 ಲಕ್ಷ ಸಿಕ್ಕಿತು. ತೀರಿಸುವುದು ಖರೀದಿದಾರನಿಂದ ಬಂದ ಡಾಲರ್‌ನಿಂದಲೇ. ಅಂದರೆ 14,400ರಲ್ಲಿ 10,000 ಡಾಲರ್‌ಗೆ 90ರ ದರ ಆಗಲೇ ಸಿಕ್ಕಿದಂತಾಯಿತು. ಅಪಾಯಕ್ಕೆ ತೆರೆದಿರುವುದು ಉಳಿದ 4,400 ಡಾಲರ್, ಅದರಿಂದ ಬಡ್ಡಿಗೆ ಹೋಗುವುದನ್ನು ಕಳೆದು. ಇಲ್ಲಿ ಫಾರ್ವರ್ಡ್ ಪ್ರೀಮಿಯಂ ಸಿಗುವುದಿಲ್ಲ, ಬದಲಿಗೆ ಬಡ್ಡಿ ಕಡಿಮೆ. ಎರಡೂ ಒಂದೇ ಬಡ್ಡಿಯಂತರದ ಎರಡು ರೂಪಗಳಾದ್ದರಿಂದ ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ಇದನ್ನು ಮರೆತು, ಡಾಲರ್ ಸಾಲವನ್ನೂ ತೆಗೆದುಕೊಂಡು ಪೂರ್ತಿ 14,400 ಡಾಲರನ್ನು ಫಾರ್ವರ್ಡ್‌ನಲ್ಲೂ ಮಾರಿಟ್ಟವರು ಜುಲೈನಲ್ಲಿ ತಮ್ಮಲ್ಲಿಲ್ಲದ 10,000 ಡಾಲರ್ ಹುಡುಕಬೇಕಾಗುತ್ತದೆ.

ಖರ್ಚೆಲ್ಲ ನಿಜಕ್ಕೂ ರೂಪಾಯಿಯದೇ ಎಂದೂ ನೋಡಬೇಕು. ಮಿಡಿಸೌತೆಯ ಹೈಬ್ರಿಡ್ ಬೀಜ ಬಹುಪಾಲು ಆಮದು. ವಿನೆಗರ್‌ಗೆ ಬಳಸುವ ಅಸಿಟಿಕ್ ಆಸಿಡ್ಡನ್ನೂ ದೇಶ ದೊಡ್ಡ ಪ್ರಮಾಣದಲ್ಲಿ ತರಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ ಡ್ರಮ್‌ನ ಬೆಲೆ ಕಚ್ಚಾತೈಲದ ಹಿಂದೆ ಹೋಗುತ್ತದೆ. ಬಿಲ್ಲು ರೂಪಾಯಿಯಲ್ಲಿ ಬಂದರೂ ಇವುಗಳೊಳಗೆ ಡಾಲರ್ ಅಡಗಿದೆ. ಹಾಗಾಗಿ ಡಾಲರ್ 93ಕ್ಕೆ ಏರಿದಾಗ ಹೆಚ್ಚುವರಿ 43,200 ರೂಪಾಯಿ ಪೂರ್ತಿಯಾಗಿ ಉಳಿಯುವುದಿಲ್ಲ. ಮುಂದಿನ ಹಂಗಾಮಿನ ಖರ್ಚು ಒಂದಿಷ್ಟು ಏರುತ್ತದೆ. ಹಡಗಿನ ಬಾಡಿಗೆಯನ್ನೂ ಸೇರಿಸಿ ಬೆಲೆ ಹೇಳಿದ್ದರೆ ಆ ಬಾಡಿಗೆ ಡಾಲರ್‌ನಲ್ಲೇ ಇರುವುದರಿಂದ ಅಷ್ಟು ಮೊತ್ತಕ್ಕೆ ಫಾರ್ವರ್ಡ್ ಬೇಕಿಲ್ಲ. ಸರ್ಕಾರ ಕೊಡುವ ಡ್ಯೂಟಿ ಡ್ರಾಬ್ಯಾಕ್, 2021ರ ಜನವರಿಯಿಂದ ಜಾರಿಯಲ್ಲಿರುವ ರೋಡ್‌ಟೆಪ್ ಮರುಪಾವತಿಗಳನ್ನು ನಂಬಿ ಬೆಲೆ ಇಳಿಸುವವರೂ ಇದ್ದಾರೆ. ಅವುಗಳ ಪ್ರಮಾಣವನ್ನು ಸರ್ಕಾರ ಬದಲಿಸಬಹುದು, ಖರೀದಿದಾರನ ಜೊತೆಗಿನ ಬೆಲೆ ಬದಲಾಗದು.

ಯೂರೋದಲ್ಲಿ ಮಾರುವವರ ಪಾಡು ಇನ್ನೂ ಸೂಕ್ಷ್ಮ. ಡಾಲರ್ ಎದುರು ರೂಪಾಯಿ ವಿಪರೀತ ಜಿಗಿಯದಂತೆ ರಿಸರ್ವ್ ಬ್ಯಾಂಕ್ ಮಾರುಕಟ್ಟೆಗೆ ಇಳಿದು ಕೊಳ್ಳುವುದು, ಮಾರುವುದು ಮಾಡುತ್ತದೆ. ಡಾಲರ್ ಮತ್ತು ಯೂರೋಗಳ ನಡುವಿನ ಏರಿಳಿತ ಅದರ ಕೈಯಲ್ಲಿಲ್ಲ. ಆದ್ದರಿಂದ ಯೂರೋ ಬೆಲೆಗೆ ಹೆಚ್ಚಿನ ಅಂತರ ಇಟ್ಟುಕೊಳ್ಳಬೇಕು, ಇಲ್ಲವೇ ಆರ್ಡರ್ ಬಂದೊಡನೆ ಹೆಚ್ಚಿನ ಪಾಲನ್ನು ಫಾರ್ವರ್ಡ್‌ನಲ್ಲಿ ಮಾರಿಡಬೇಕು. ಅಪಾಯವನ್ನು ಖರೀದಿದಾರನಿಗೇ ದಾಟಿಸುವಂತೆ ರೂಪಾಯಿಯಲ್ಲೇ ಬಿಲ್ಲು ಮಾಡಲು ರಿಸರ್ವ್ ಬ್ಯಾಂಕ್ 2022ರ ಜುಲೈನಲ್ಲಿ ವ್ಯವಸ್ಥೆ ಮಾಡಿದೆ. ಆದರೆ ಹತ್ತು ದೇಶಗಳಿಂದ ಕೊಳ್ಳಬಲ್ಲ ಯೂರೋಪಿನ ಸೂಪರ್‌ಮಾರ್ಕೆಟ್ ಪೂರೈಕೆದಾರ ಕರ್ನಾಟಕದ ಒಬ್ಬ ಸೌತೆ ವ್ಯಾಪಾರಿಗಾಗಿ ರೂಪಾಯಿ ಹೊಂದಿಸಿಕೊಳ್ಳುವುದು ಕಷ್ಟದ ಮಾತು.

ಖರೀದಿದಾರನೂ ದರ ನೋಡುತ್ತಿರುತ್ತಾನೆ ಎಂಬುದನ್ನು ಮರೆಯುವಂತಿಲ್ಲ. 2013ರ ಮೇ ಆರಂಭದಲ್ಲಿ 54 ರೂಪಾಯಿಯ ಸುಮಾರಿಗಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತು. ಇಂಥ ಸಂದರ್ಭದಲ್ಲಿ ಹಳೆಯ ಆರ್ಡರ್‌ನವರಿಗೆ ಅನಿರೀಕ್ಷಿತ ಲಾಭ ಸಿಗುತ್ತದೆ, ಹೊಸ ಆರ್ಡರ್‌ನಲ್ಲಿ ಖರೀದಿದಾರ ರಿಯಾಯಿತಿ ಕೇಳುತ್ತಾನೆ. ರೂಪಾಯಿ ಬಲಗೊಂಡಾಗ ಮಾತ್ರ ಅವನಾಗಿ ಬೆಲೆ ಏರಿಸುವುದಿಲ್ಲ. ಪೈಪೋಟಿಯ ದೇಶದ ಕರೆನ್ಸಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಿಡಿಸೌತೆ ಬೆಳೆಯುವ ಟರ್ಕಿಯ ಲಿರಾ 2021ರಲ್ಲಿ ಪಾತಾಳಕ್ಕಿಳಿಯಿತು. ರೂಪಾಯಿ ಕದಲದೆ ನಿಂತಿದ್ದರೂ ಅಂಥ ವರ್ಷದಲ್ಲಿ ಭಾರತದ ಸರಕು ತುಟ್ಟಿಯಾಗಿ ಕಾಣುತ್ತದೆ. ಈ ಅಪಾಯಕ್ಕೆ ಯಾವ ಬ್ಯಾಂಕಿನಲ್ಲೂ ಫಾರ್ವರ್ಡ್ ಸಿಗುವುದಿಲ್ಲ.

ದರ ಏರಿದಾಗ ಫಾರ್ವರ್ಡ್ ಮಾಡಿದ್ದವರು ಪಶ್ಚಾತ್ತಾಪಪಡುವುದು ಸಾಮಾನ್ಯ. 90.75ಕ್ಕೆ ಮಾರಿಟ್ಟೆ, ಈಗ 93 ಇದೆ, 32,400 ರೂಪಾಯಿ ಕಳೆದುಕೊಂಡೆ ಎನ್ನುತ್ತಾರೆ. ಬೆಲೆ ಕಟ್ಟಿದ್ದೇ 90.75ರ ಮೇಲೆ, ಬಯಸಿದ ಲಾಭ ಬಂದಿದೆ ಎಂದಾದರೆ ಕಳೆದದ್ದು ಏನೂ ಇಲ್ಲ. ಅದೇ ಹಳಹಳಿಯಲ್ಲಿ ಮುಂದಿನ ಆರ್ಡರ್ ತೆರೆದಿಟ್ಟು, ಬಂದ ಡಾಲರನ್ನು ಇಇಎಫ್‌ಸಿ ಖಾತೆಯಲ್ಲಿ ಇಟ್ಟುಕೊಂಡು ಕಾಯುವವರಿದ್ದಾರೆ. ಆ ಖಾತೆಗೆ ಬಡ್ಡಿಯಿಲ್ಲ, ಬಂದ ತಿಂಗಳ ಮುಂದಿನ ತಿಂಗಳ ಕೊನೆಯೊಳಗೆ ಬಳಸದ ಹಣವನ್ನು ರೂಪಾಯಿ ಮಾಡಲೇಬೇಕು. ಇತ್ತ ರೂಪಾಯಿ ಸಾಲದ ಬಡ್ಡಿ ಓಡುತ್ತಲೇ ಇರುತ್ತದೆ.

ಇದನ್ನೆಲ್ಲ ಹದ್ದಿನಲ್ಲಿಡಲು ಆರ್ಡರ್‌ಗೊಂದು ಸಾಲಿನ ಪುಸ್ತಕ ಸಾಕು: ಬೆಲೆ ಕಟ್ಟಿದ ದರ, ಅಸಲು ದರ, ಮಾರಿಟ್ಟ ಡಾಲರ್ ಎಷ್ಟು, ಕೊನೆಗೆ ಸಿಕ್ಕ ದರ ಎಷ್ಟು. ಸಿಕ್ಕ ದರ ಮತ್ತು ಕಟ್ಟಿದ ದರಗಳ ಅಂತರದಿಂದ ಬಂದ ಹಣವನ್ನು ಬೇರೆ ಅಂಕಣದಲ್ಲಿ ಬರೆಯಬೇಕು. 90ಕ್ಕೆ ಕಟ್ಟಿದ ಬೆಲೆಗೆ 93ರಲ್ಲಿ ಹಣ ಬಂದು 1,39,200 ರೂಪಾಯಿ ಲಾಭ ಕಂಡರೆ ಅದರಲ್ಲಿ ಸೌತೆಯದು 96,000 ಮಾತ್ರ. ಉಳಿದದ್ದನ್ನೂ ಸೌತೆಯ ಲಾಭವೆಂದು ಎಣಿಸಿ ಮುಂದಿನ ವರ್ಷ ಬೆಲೆ ಇಳಿಸಿದವರು, ದರ ಮತ್ತೆ 87ಕ್ಕೆ ಬಂದಾಗ ಆ ಬೆಲೆಯನ್ನು ಏರಿಸಲಾರರು.